ಅರ್ಧ ಇಂಚಿನ ನಲ್ಲಿಯಲ್ಲಿ ಅರ್ಧ ಇಂಚು ಎಲ್ಲಿದೆ?

ಬಚ್ಚಲಿನ ನಲ್ಲಿಯನ್ನು ಬಿಚ್ಚಿ, ಗೋಡೆಯೊಳಗೆ ಕೂರುವ ಅದರ ಥ್ರೆಡ್ ಭಾಗದ ಮೇಲೆ ಸ್ಕೇಲ್ ಇಟ್ಟರೆ ಅಡ್ಡಳತೆ ಸುಮಾರು 21 ಮಿಲಿಮೀಟರ್ ಬರುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ 21 ಮಿಲಿಮೀಟರಿನ ನಿಪ್ಪಲ್ ಕೇಳಿದರೆ ಅಂಗಡಿಯವನು ಮುಖ ನೋಡುತ್ತಾನೆ. ಅವನ ಕಪಾಟಿನಲ್ಲಿ ಆ ಹೆಸರಿನ ಸಾಮಾನೇ ಇಲ್ಲ. ಅವನ ಲೆಕ್ಕದಲ್ಲಿ ಅದು ಅರ್ಧ ಇಂಚು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್ ಎಂದು ಶಾಲೆಯಲ್ಲಿ ಕಲಿತವರಿಗೆ ಈ ಎರಡು ಅಂಕಿಗಳನ್ನು ಹೊಂದಿಸುವುದು ಕಷ್ಟ. ಆ ನಲ್ಲಿಯ ಥ್ರೆಡ್ಡಿನಲ್ಲಿ ಎಲ್ಲಿ ಅಳೆದರೂ 12.7 ಸಿಗುವುದಿಲ್ಲ.

ಹಾಗೆಂದು ಅಂಗಡಿಯವನು ತಪ್ಪು ಹೇಳುತ್ತಿಲ್ಲ, ಸ್ಕೇಲೂ ಸುಳ್ಳು ಹೇಳುತ್ತಿಲ್ಲ. ನೀರಿನ ಪೈಪಿನ ಲೋಕದಲ್ಲಿ ಇಂಚು ಎನ್ನುವುದು ಈಗ ಅಳತೆಯಾಗಿ ಉಳಿದಿಲ್ಲ, ಒಂದು ಗಾತ್ರದ ಹೆಸರಾಗಿದೆ. ಇದು ಗೊತ್ತಾದರೆ ಅಂಗಡಿಗೂ ಮನೆಗೂ ನಡುವೆ ಸುಮ್ಮನೆ ಓಡಾಡುವ ಅರ್ಧಕ್ಕರ್ಧ ಕೆಲಸ ತಪ್ಪುತ್ತದೆ.

ಆ ಹೆಸರು ಬಂದಿದ್ದು ಹಳೆಯ ಕಬ್ಬಿಣದ ಪೈಪುಗಳಿಂದ. ಆಗ ಪೈಪನ್ನು ಅದರೊಳಗಿನ ತೂತಿನ ಗಾತ್ರದಿಂದ ಕರೆಯುತ್ತಿದ್ದರು. ನೀರು ಹರಿಯುವ ದಾರಿ ಅರ್ಧ ಇಂಚು ಅಗಲವಿದ್ದರೆ ಅದು ಅರ್ಧ ಇಂಚಿನ ಪೈಪು. ಒತ್ತಡ ತಡೆಯಲು ಗೋಡೆ ದಪ್ಪಗಿರಬೇಕಾಗಿತ್ತು, ಹಾಗಾಗಿ ಹೊರಮೈ 21 ಮಿಲಿಮೀಟರಿನ ಆಸುಪಾಸಿಗೆ ಬರುತ್ತಿತ್ತು. ಥ್ರೆಡ್ ಕೊರೆಯುವುದು ಆ ಹೊರಮೈಯ ಮೇಲೆ. ಮುಂದೆ ಲೋಹ ಸುಧಾರಿಸಿ ತೆಳು ಗೋಡೆಯ ಪೈಪು ಸಾಧ್ಯವಾದಾಗ ಹೊರಮೈಯನ್ನು ಹಾಗೇ ಉಳಿಸಿಕೊಂಡು ಒಳತೂತನ್ನು ದೊಡ್ಡದು ಮಾಡಿದರು. ಹೊರಮೈ ಬದಲಾಗಿದ್ದರೆ ಹಳೆಯ ಡೈಗಳು, ಹಳೆಯ ಎಲ್ಬೋಗಳು, ಹಳೆಯ ನಲ್ಲಿಗಳು ಎಲ್ಲವೂ ವ್ಯರ್ಥವಾಗುತ್ತಿದ್ದವು. ಇವತ್ತು ನಮ್ಮಲ್ಲಿ ಸಿಗುವ ಮಧ್ಯಮ ದರ್ಜೆಯ ಅರ್ಧ ಇಂಚಿನ ಜಿಐ ಪೈಪಿನ ಗೋಡೆ 2.6 ಮಿಲಿಮೀಟರ್ ದಪ್ಪ, ಒಳತೂತು ಸುಮಾರು 16 ಮಿಲಿಮೀಟರ್. ಅಂದರೆ ಹೆಸರಿಗೆ ಕಾರಣವಾಗಿದ್ದ ತೂತು ಕೂಡ ಈಗ ಅರ್ಧ ಇಂಚಿಲ್ಲ.

ಥ್ರೆಡ್ಡಿನ ಕಥೆಯೂ ಅದೇ ಕಾಲದ್ದು. ಮ್ಯಾಂಚೆಸ್ಟರಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್ಡುಗಳೆಲ್ಲ ಒಂದೇ ಆಕಾರದಲ್ಲಿರಬೇಕು ಎಂಬ ಪ್ರಸ್ತಾಪ ಮುಂದಿಟ್ಟ. ಅದಕ್ಕೆ ಮೊದಲು ಒಂದೊಂದು ಕಾರ್ಖಾನೆ ತನಗೆ ತೋಚಿದಂತೆ ಕೊರೆಯುತ್ತಿತ್ತು, ಒಂದು ಕಡೆಯ ಬೋಲ್ಟಿಗೆ ಇನ್ನೊಂದು ಕಡೆಯ ನಟ್ಟು ಕೂರುತ್ತಿರಲಿಲ್ಲ. ಥ್ರೆಡ್ಡಿನ ಎರಡು ಇಳಿಜಾರುಗಳ ನಡುವಿನ ಕೋನ 55 ಡಿಗ್ರಿ ಇರಬೇಕು, ತುದಿ ಮತ್ತು ತಳ ಎರಡೂ ದುಂಡಗಿರಬೇಕು, ಯಾವ ಗಾತ್ರಕ್ಕೆ ಇಂಚಿಗೆ ಎಷ್ಟು ಸುತ್ತು ಎಂಬುದು ನಿಗದಿಯಾಗಿರಬೇಕು ಎಂದು ಅವನು ಹೇಳಿದ. ಆ 55 ಡಿಗ್ರಿಯ ಆಕಾರವೇ ಬ್ರಿಟಿಷ್ ಪೈಪ್ ಥ್ರೆಡ್ಡಿಗೆ ಬಂತು, ಅಲ್ಲಿಂದ ಭಾರತಕ್ಕೆ ಬಂತು. ಅಂಗಡಿಗಳಲ್ಲಿ ಬಿಎಸ್‌ಪಿ ಎನ್ನುವುದು ಇದಕ್ಕೇ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನಲ್ಲಿಯಲ್ಲೂ ಹಳ್ಳಿಯ ತೊಟ್ಟಿಯ ನಲ್ಲಿಯಲ್ಲೂ ಇರುವುದು ಅದೇ ಥ್ರೆಡ್.

ಇನ್ನು ಕೈಯಲ್ಲಿರುವ ಬಿಡಿಭಾಗವನ್ನು ಗುರುತಿಸುವುದು ಹೇಗೆ? ಮೊದಲು ನೋಡಬೇಕಾದ್ದು ಥ್ರೆಡ್ ಹೊರಗಿದೆಯೋ ಒಳಗಿದೆಯೋ ಎಂಬುದನ್ನು. ಪ್ಲಂಬರುಗಳು ಹೊರಗಿನದನ್ನು ಮೇಲ್ ಎಂದೂ ಒಳಗಿನದನ್ನು ಫೀಮೇಲ್ ಎಂದೂ ಕರೆಯುತ್ತಾರೆ. ಇದನ್ನು ಮೊದಲೇ ತಿಳಿದುಕೊಳ್ಳಲು ಕಾರಣವಿದೆ. ಒಂದೇ ಗಾತ್ರದ ಥ್ರೆಡ್ಡನ್ನು ಹೊರಗಿನಿಂದ ಅಳೆದರೆ ಒಂದು ಅಂಕಿ, ಒಳಗಿನಿಂದ ಅಳೆದರೆ ಇನ್ನೊಂದು. ಅರ್ಧ ಇಂಚಿನ ಹೊರ ಥ್ರೆಡ್ ತುದಿಯಿಂದ ತುದಿಗೆ 20.96 ಮಿಲಿಮೀಟರ್. ಅದೇ ಅರ್ಧ ಇಂಚಿನ ಒಳ ಥ್ರೆಡ್ಡಿನ ಬಾಯಿ ಅಳೆದರೆ 18.6 ಮಿಲಿಮೀಟರ್. ಮುಕ್ಕಾಲು ಇಂಚಿನದಕ್ಕೆ ಹೊರಗೆ 26.4, ಒಳಗೆ 24.1. ಒಂದು ಇಂಚಿನದಕ್ಕೆ ಹೊರಗೆ 33.2, ಒಳಗೆ 30.3. ಮನೆಯ ನೀರಿನ ಕೆಲಸದಲ್ಲಿ ಬಹುಪಾಲು ಈ ಮೂರರಲ್ಲೇ ಮುಗಿಯುತ್ತದೆ.

ಜನ ಎಡವುವುದು ಇಲ್ಲೇ. ಗೋಡೆಯೊಳಗಿನ ಸಾಕೆಟ್ಟಿನ ಬಾಯಿ ಅಳೆದವರಿಗೆ 18.6 ಸಿಗುತ್ತದೆ. ಮುಕ್ಕಾಲು ಇಂಚೆಂದರೆ ಲೆಕ್ಕದಲ್ಲಿ 19 ಮಿಲಿಮೀಟರ್, ಹಾಗಾದರೆ ಇದು ಮುಕ್ಕಾಲು ಇಂಚೇ ಇರಬೇಕು ಎಂದುಕೊಂಡು ಮುಕ್ಕಾಲು ಇಂಚಿನ ನಲ್ಲಿ ತರುತ್ತಾರೆ. ಅದು ಸಾಕೆಟ್ಟಿನ ಹತ್ತಿರಕ್ಕೂ ಹೋಗುವುದಿಲ್ಲ. ವಾಷಿಂಗ್ ಮೆಷಿನ್ನಿನ ಪೈಪು ಕಟ್ಟುವ ಮುಕ್ಕಾಲು ಇಂಚಿನ ಹೊರ ಥ್ರೆಡ್ಡನ್ನು ಅಳೆದವರಿಗೆ 26 ಬಂದು, ಅದನ್ನು ಒಂದು ಇಂಚು ಎಂದುಕೊಳ್ಳುವುದೂ ಹೀಗೆಯೇ. ಎರಡೂ ಕಡೆ ಅಳತೆ ಸರಿಯಾಗಿಯೇ ಇದೆ. ಆ ಅಂಕಿಯನ್ನು 25.4ರಿಂದ ಭಾಗಿಸಿ ಇಂಚಿಗೆ ತಿರುಗಿಸಿದ್ದೇ ತಪ್ಪು.

ವರ್ನಿಯರ್ ಕ್ಯಾಲಿಪರ್ ಇದ್ದರೆ ಈ ಅಳತೆ ಕ್ಷಣದ ಕೆಲಸ. ಅದರ ದೊಡ್ಡ ದವಡೆ ಹೊರಮೈಗೆ, ಬೆನ್ನ ಮೇಲಿನ ಸಣ್ಣ ದವಡೆ ಒಳಬಾಯಿಗೆ, ಹಿಂದಿನಿಂದ ಹೊರಬರುವ ಕಡ್ಡಿ ಆಳಕ್ಕೆ. ವರ್ನಿಯರ್ ಇಲ್ಲದಿದ್ದರೆ ಕಾಗದದ ಪಟ್ಟಿ ಸಾಕು. ಬೆರಳಗಲದ ಪಟ್ಟಿಯನ್ನು ಹೊರ ಥ್ರೆಡ್ಡಿನ ಸುತ್ತ ಬಿಗಿಯಾಗಿ ಸುತ್ತಿ, ಒಂದರ ಮೇಲೊಂದು ಬಂದ ಜಾಗದಲ್ಲಿ ಗುಂಡುಸೂಜಿಯಿಂದ ಚುಚ್ಚಬೇಕು. ಪಟ್ಟಿ ಬಿಡಿಸಿದರೆ ಎರಡು ತೂತು ಕಾಣುತ್ತವೆ. ಅವುಗಳ ನಡುವಿನ ದೂರ 66 ಮಿಲಿಮೀಟರಿನ ಸುತ್ತಮುತ್ತ ಇದ್ದರೆ ಅರ್ಧ ಇಂಚು, 83 ಇದ್ದರೆ ಮುಕ್ಕಾಲು ಇಂಚು, 104 ಇದ್ದರೆ ಒಂದು ಇಂಚು. ಒಂದೆರಡು ಮಿಲಿಮೀಟರ್ ಕಡಿಮೆ ಬಂದರೂ ಗಾಬರಿ ಬೇಡ, ಈ ಗಾತ್ರಗಳ ನಡುವೆ ಸಾಕಷ್ಟು ಅಂತರವಿದೆ. ದುಂಡಗಿನ ವಸ್ತುವಿನ ನಡುಮಧ್ಯಕ್ಕೆ ಸ್ಕೇಲ್ ಹಿಡಿದು ಕಣ್ಣಂದಾಜಿನಲ್ಲಿ ಓದುವುದಕ್ಕಿಂತ ಈ ಪಟ್ಟಿಯ ಅಳತೆ ಹೆಚ್ಚು ನಂಬಿಕೆಗೆ ಅರ್ಹ.

ಅಡ್ಡಳತೆಯ ನಂತರ ಸುತ್ತುಗಳ ಎಣಿಕೆ. ಬಿಎಸ್‌ಪಿಯಲ್ಲಿ ಅರ್ಧ ಇಂಚು ಮತ್ತು ಮುಕ್ಕಾಲು ಇಂಚು ಎರಡಕ್ಕೂ ಇಂಚಿಗೆ 14 ಸುತ್ತು, ಒಂದು ಇಂಚಿನದಕ್ಕೆ 11. ನಲ್ಲಿಯ ಥ್ರೆಡ್ ಪೂರ್ತಿ ಒಂದು ಇಂಚು ಉದ್ದ ಇರುವುದು ಅಪರೂಪ, ಹಾಗಾಗಿ ಅರ್ಧ ಇಂಚಿನೊಳಗೆ ಅಂದರೆ 12.7 ಮಿಲಿಮೀಟರಿನೊಳಗೆ ಎಷ್ಟಿವೆ ಎಂದು ನೋಡಿದರೆ ಸಾಕು. 14ರ ಥ್ರೆಡ್ಡಿನಲ್ಲಿ ಅಲ್ಲಿ ಏಳು ಸಿಗಬೇಕು. ಥ್ರೆಡ್ಡಿನ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿದರೆ ಏಣುಗಳೆಲ್ಲ ಗೆರೆಗಳಾಗಿ ಮೂಡುತ್ತವೆ. ಎಣಿಸುವಾಗ ಮೊದಲ ಗೆರೆಯನ್ನು ಸೊನ್ನೆ ಎಂದು ಹಿಡಿಯಬೇಕು, ಏಕೆಂದರೆ ಬೇಕಿರುವುದು ಗೆರೆಗಳ ಸಂಖ್ಯೆಯಲ್ಲ, ಅವುಗಳ ನಡುವಿನ ಅಂತರಗಳ ಸಂಖ್ಯೆ.

ಮೂರನೆಯದು ಹೆಚ್ಚಿನವರ ಗಮನಕ್ಕೇ ಬಾರದ ಸಂಗತಿ. ಕೆಲವು ಥ್ರೆಡ್ಡುಗಳು ಉದ್ದಕ್ಕೂ ಒಂದೇ ದಪ್ಪ ಇರುತ್ತವೆ, ಕೆಲವು ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುತ್ತವೆ. ಸಣ್ಣಗಾಗುವ ಪ್ರಮಾಣ 16ಕ್ಕೆ ಒಂದು, ಅಂದರೆ 16 ಮಿಲಿಮೀಟರ್ ಉದ್ದಕ್ಕೆ ಅಡ್ಡಳತೆ ಒಂದು ಮಿಲಿಮೀಟರ್ ಇಳಿಯುತ್ತದೆ. ಕಣ್ಣಿಗೆ ಅದು ಕಾಣುವುದು ಕಷ್ಟ, ವರ್ನಿಯರಿಗೆ ಕಾಣುತ್ತದೆ. ಇಂಥ ಅರ್ಧ ಇಂಚಿನ ನಿಪ್ಪಲ್ಲಿನ ತುದಿಯಲ್ಲಿ 20.4 ಬಂದು, ಬುಡದ ಕಡೆ 21 ಬರುತ್ತದೆ. ಈ ಇಳಿಜಾರಿನ ಥ್ರೆಡ್ ತಿರುಗಿಸಿದಷ್ಟೂ ಬಿಗಿಯಾಗುತ್ತಾ ಹೋಗಿ ಥ್ರೆಡ್ಡಿನಲ್ಲೇ ನೀರನ್ನು ತಡೆಯುತ್ತದೆ. ಉಳಿದ ಸಂದನ್ನು ತುಂಬುವುದಕ್ಕೆ ಟೆಫ್ಲಾನ್ ಟೇಪು. ಸಮಾನ ದಪ್ಪದ ಥ್ರೆಡ್ ಹಾಗಲ್ಲ. ಅದರ ಕೆಲಸ ಬರೀ ಎಳೆದು ಹಿಡಿಯುವುದು, ನೀರು ತಡೆಯುವುದು ಒಳಗೆ ಕೂತ ವಾಷರ್. ವಾಶ್‌ಬೇಸಿನ್ ಕೆಳಗಿನ ಕನೆಕ್ಷನ್ ಪೈಪಿನ ನಟ್ಟು ಈ ಜಾತಿಯದು. ಅದು ಸೋರುತ್ತಿದೆ ಎಂದು ಥ್ರೆಡ್ಡಿಗೆ ಟೇಪು ಸುತ್ತುತ್ತಾ ಹೋದರೆ ಟೇಪು ಖರ್ಚಾಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ. ಬದಲಿಸಬೇಕಾದ್ದು ಒಳಗಿನ ರಬ್ಬರನ್ನು.

ಆ ರಬ್ಬರ್ ವಾಷರಿಗೆ ಮೂರು ಅಳತೆ ಹೇಳಬೇಕು: ಹೊರಗಿನ ಅಡ್ಡಳತೆ, ನಡುತೂತಿನ ಅಡ್ಡಳತೆ, ದಪ್ಪ. ಆದರೆ ಹಳೆಯ ವಾಷರನ್ನೇ ಅಳೆದರೆ ಮೋಸಹೋಗುತ್ತೇವೆ. ವರ್ಷಗಟ್ಟಲೆ ಒತ್ತಿಸಿಕೊಂಡ ರಬ್ಬರು ಚಪ್ಪಟೆಯಾಗಿ ಅಗಲವಾಗಿರುತ್ತದೆ, ಅದರ ದಪ್ಪ ಹೊಸದರ ದಪ್ಪಕ್ಕಿಂತ ಕಡಿಮೆ ಬರುತ್ತದೆ. ಅಳೆಯಬೇಕಾದ್ದು ವಾಷರ್ ಕೂರುವ ಜಾಗವನ್ನು. ಅರ್ಧ ಇಂಚಿನ ನಟ್ಟಿನ ಒಳಬಾಯಿ 18.6 ಎಂದಾದರೆ ಅದರೊಳಕ್ಕೆ ಇಳಿಯುವ ವಾಷರ್ ಅದಕ್ಕಿಂತ ತುಸು ಕಡಿಮೆ ಇರಲೇಬೇಕು. ಇಷ್ಟು ಹೇಳಿದರೆ ಅಂಗಡಿಯವನು ತಾನಾಗಿಯೇ ಅರ್ಧ ಇಂಚಿನ ವಾಷರಿನ ಡಬ್ಬಿಗೆ ಕೈ ಹಾಕುತ್ತಾನೆ.

ಈಗ ಒಂದು ಕೆಲಸವನ್ನು ಪೂರ್ತಿ ಮಾಡಿ ನೋಡಬಹುದು. ಹಳೆಯ ಬಚ್ಚಲಿನ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಅಂಟಿಸಿದ್ದಾರೆ. ನೀರಿನ ಸಾಕೆಟ್ ಮೊದಲೇ ಸ್ವಲ್ಪ ಒಳಗಿತ್ತು, ಈಗ ಇನ್ನೂ ಒಳಗೆ ಹೋಗಿದೆ. ನಲ್ಲಿಯ ಥ್ರೆಡ್ ಅಲ್ಲಿಗೆ ಮುಟ್ಟುತ್ತಿಲ್ಲ. ಬೇಕಿರುವುದು ಎಕ್ಸ್‌ಟೆನ್ಶನ್ ನಿಪ್ಪಲ್: ಒಂದು ತುದಿಯ ಹೊರ ಥ್ರೆಡ್ ಗೋಡೆಯ ಸಾಕೆಟ್ಟಿಗೆ ಹೋಗುತ್ತದೆ, ಇನ್ನೊಂದು ತುದಿಯ ಒಳ ಥ್ರೆಡ್ಡಿಗೆ ನಲ್ಲಿ ಕೂರುತ್ತದೆ. ವರ್ನಿಯರಿನ ಸಣ್ಣ ದವಡೆ ಸಾಕೆಟ್ಟಿನೊಳಗೆ ಇಟ್ಟಾಗ 18.5 ತೋರಿಸಿತು ಎನ್ನಿ. ಅದು ಅರ್ಧ ಇಂಚಿನ ಒಳ ಥ್ರೆಡ್. ಬಿಚ್ಚಿದ ನಲ್ಲಿಯ ಹೊರ ಥ್ರೆಡ್ ಅಳೆದಾಗ 20.8 ಬಂತು. ಅದೂ ಅರ್ಧ ಇಂಚೇ. ಎರಡೂ ಒಂದನ್ನೊಂದು ಸಮರ್ಥಿಸುತ್ತಿವೆ. ಇನ್ನು ಉಳಿದದ್ದು ಆಳ. ಹೊಸ ಟೈಲಿನ ಮುಖಕ್ಕೆ ಒಂದು ಸ್ಕೇಲನ್ನು ಅಡ್ಡ ಹಿಡಿದು, ಅಲ್ಲಿಂದ ಸಾಕೆಟ್ಟಿನ ಬಾಯಿಯವರೆಗೆ ಕಡ್ಡಿ ಇಳಿಸಿದಾಗ 25 ಮಿಲಿಮೀಟರ್ ಬಂತು.

25 ಮಿಲಿಮೀಟರ್ ಎಂದರೆ ಒಂದು ಇಂಚು. ಇಲ್ಲಿ ಇಂಚು ನಿಜವಾದ ಇಂಚೇ, ಏಕೆಂದರೆ ಉದ್ದವನ್ನು ಯಾರೂ ಹೆಸರಾಗಿ ಬಳಸುವುದಿಲ್ಲ. ಆದರೆ ಅಂಗಡಿಗೆ ಹೋಗಿ "ಒಂದು ಇಂಚಿನ ನಿಪ್ಪಲ್ ಕೊಡಿ" ಎಂದರೆ 33 ಮಿಲಿಮೀಟರ್ ಥ್ರೆಡ್ಡಿನ ದಪ್ಪ ನಿಪ್ಪಲ್ ಕೈಗೆ ಬರುತ್ತದೆ. ಥ್ರೆಡ್ಡಿನ ಇಂಚು, ಉದ್ದದ ಇಂಚು ಎರಡೂ ಒಂದೇ ವಾಕ್ಯದಲ್ಲಿ ಬರುವಾಗ ಯಾವುದು ಯಾವುದೆಂದು ಬಿಡಿಸಿ ಹೇಳಲೇಬೇಕು. ಈ ಸಂದರ್ಭಕ್ಕೆ ಸರಿಯಾದ ಮಾತು ಹೀಗೆ: "ಎಕ್ಸ್‌ಟೆನ್ಶನ್ ನಿಪ್ಪಲ್ ಬೇಕು. ಒಂದು ಕಡೆ ಮೇಲ್, ಒಂದು ಕಡೆ ಫೀಮೇಲ್, ಎರಡೂ ಅರ್ಧ ಇಂಚು ಥ್ರೆಡ್. ಮೇಲ್ ಥ್ರೆಡ್ ಬಿಟ್ಟು ಬಾಡಿ ಉದ್ದ ಒಂದು ಇಂಚು. ಹಿತ್ತಾಳೆಯದು." ಬಾಡಿ ಉದ್ದವನ್ನು ಬೇರೆಯಾಗಿ ಹೇಳುವುದು ಮುಖ್ಯ. ಹೊರ ಥ್ರೆಡ್ ಸಾಕೆಟ್ಟಿನೊಳಗೆ ಮುಳುಗಿಹೋಗುತ್ತದೆ. ಗೋಡೆಯ ಆಳವನ್ನು ತುಂಬುವುದು ಬಾಡಿ ಮಾತ್ರ. ಇಳಿಜಾರಿನ ಥ್ರೆಡ್ ಪೂರ್ತಿ ಒಳಗೆ ಹೋಗದೆ ಎರಡು ಮೂರು ಮಿಲಿಮೀಟರ್ ಮೊದಲೇ ಬಿಗಿಯಾದರೂ ತೊಂದರೆಯಿಲ್ಲ, ಅಷ್ಟನ್ನು ನಲ್ಲಿಯ ಹಿಂದಿನ ಬಟ್ಟಲಿನಾಕಾರದ ಫ್ಲ್ಯಾಂಜ್ ಮುಚ್ಚುತ್ತದೆ.

ತಂದ ನಿಪ್ಪಲ್ ಸರಿಯಾದದ್ದೇ ಎಂದು ತಿಳಿಯಲು ಟೇಪು ಸುತ್ತುವ ಮೊದಲು ಬರಿಗೈಯಲ್ಲಿ ತಿರುಗಿಸಬೇಕು. ಸರಿಯಾದ ಜೋಡಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಿ ನಂತರ ನಿಧಾನಕ್ಕೆ ಬಿಗಿಯಾಗುತ್ತದೆ. ಒಂದೂವರೆ ಸುತ್ತಿಗೇ ಗಕ್ಕನೆ ನಿಂತರೆ ಸುತ್ತುಗಳ ಎಣಿಕೆ ಬೇರೆ, ಅಥವಾ ಥ್ರೆಡ್ ಓರೆಯಾಗಿ ಹತ್ತಿದೆ. ಕೊನೆಯವರೆಗೂ ಅಲ್ಲಾಡುತ್ತಲೇ ಹೋದರೆ ಗಾತ್ರ ಚಿಕ್ಕದು ಅಥವಾ ಥ್ರೆಡ್ ಸವೆದಿದೆ. ಈ ಹಂತದಲ್ಲಿ ಪಾನಾ ಹಾಕಿ ಬಲವಂತ ಮಾಡಿದವರು ಗೋಡೆಯೊಳಗಿನ ಸಾಕೆಟ್ಟನ್ನೇ ಕೆಡಿಸಿಕೊಳ್ಳುತ್ತಾರೆ. ನಿಪ್ಪಲ್ ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ, ಸಾಕೆಟ್ ಹೋದರೆ ಟೈಲ್ಸ್ ಒಡೆಯಬೇಕು.

ಕೈಗೆ ಸರಿ ಎನಿಸಿಯೂ ಸೋರುವ ಒಂದು ಪ್ರಕರಣ ಇದೆ, ಅದು ಅಮೆರಿಕದಿಂದ ಬಂದ ಸಾಮಾನಿನದು. ಅಲ್ಲಿ ನೆಲೆಸಿದ ಮಕ್ಕಳು ಊರಿಗೆ ಬರುವಾಗ ತಂದ ನೀರಿನ ಫಿಲ್ಟರ್ ಅಥವಾ ವಾಲ್ವ್ ಮೇಲೂ ಅರ್ಧ ಇಂಚು ಎಂದೇ ಬರೆದಿರುತ್ತದೆ. ಅಲ್ಲಿನ ಪೈಪ್ ಥ್ರೆಡ್ಡಿಗೆ ಎನ್‌ಪಿಟಿ ಎಂದು ಹೆಸರು. ಅರ್ಧ ಇಂಚಿನಲ್ಲಿ ಅದಕ್ಕೂ ಇಂಚಿಗೆ 14 ಸುತ್ತು, ಅದಕ್ಕೂ 16ಕ್ಕೆ ಒಂದರ ಇಳಿಜಾರು, ಅಡ್ಡಳತೆಯ ವ್ಯತ್ಯಾಸ ಮಿಲಿಮೀಟರಿನ ಒಂದು ಚೂರು ಮಾತ್ರ. ಆದರೆ ಅದರ ಏಣಿನ ಕೋನ 60 ಡಿಗ್ರಿ, ತುದಿ ಚಪ್ಪಟೆ. ನಮ್ಮ 55 ಡಿಗ್ರಿಯ ದುಂಡು ಏಣಿನ ಸಾಕೆಟ್ಟಿಗೆ ಹಾಕಿದರೆ ಅದು ಕೆಲವು ಸುತ್ತು ಒಳ್ಳೆಯದಾಗಿಯೇ ಹೋಗುತ್ತದೆ. ಎರಡು ಆಕಾರಗಳ ನಡುವೆ ಉಳಿಯುವ ಸಂದು ಥ್ರೆಡ್ಡಿನ ಉದ್ದಕ್ಕೂ ಸುರುಳಿಯಾಗಿ ಸಾಗುತ್ತದೆ, ನೀರು ಆ ಸುರುಳಿಯನ್ನೇ ಹಿಡಿದು ಹೊರಬರುತ್ತದೆ. ಸ್ಕೇಲಿಗೂ ಕಾಗದದ ಪಟ್ಟಿಗೂ ಇದು ಸಿಕ್ಕುವುದಿಲ್ಲ, ವರ್ನಿಯರಿಗೂ ಸುಲಭಕ್ಕೆ ಸಿಕ್ಕುವುದಿಲ್ಲ. ಹಲ್ಲುಹಲ್ಲಿನ ಥ್ರೆಡ್ ಗೇಜ್ ಒತ್ತಿ ಬೆಳಕಿಗೆ ಹಿಡಿದರೆ ಮಾತ್ರ ಸ್ಪಷ್ಟ. ಗೇಜ್ ಇಲ್ಲದವರು ಸಾಮಾನು ಎಲ್ಲಿಂದ ಬಂತು ಎಂಬುದನ್ನು ಅಂಗಡಿಯಲ್ಲಿ ಮೊದಲೇ ಹೇಳಬೇಕು. ಎನ್‌ಪಿಟಿಯಿಂದ ಬಿಎಸ್‌ಪಿಗೆ ಬದಲಿಸುವ ಅಡಾಪ್ಟರುಗಳು ಇವೆ.

ತೋಟದ ಪೈಪಿನ ತುದಿಗೆ ಹಾಕುವ ಅಮೆರಿಕದ ನಾಝಲ್ ಇನ್ನೂ ಬೇರೆ. ಅದನ್ನೂ ಮುಕ್ಕಾಲು ಇಂಚು ಎನ್ನುತ್ತಾರೆ, ಆದರೆ ಅಲ್ಲಿ ಇಂಚಿಗೆ ಹನ್ನೊಂದೂವರೆ ಸುತ್ತು. ನಮ್ಮ 14 ಸುತ್ತಿನ ನಲ್ಲಿಗೆ ಹಾಕಿದರೆ ಹತ್ತಿದಂತೆ ಮಾಡಿ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನಾದರೂ ಪೆನ್ಸಿಲ್ ಉಜ್ಜಿ ಎಣಿಸಿದರೆ ಪತ್ತೆಹಚ್ಚಬಹುದು.

ಥ್ರೆಡ್ ಇಲ್ಲದ, ಅಂಟು ಹಾಕಿ ಕೂಡಿಸುವ ಪ್ಲಾಸ್ಟಿಕ್ ಪೈಪಿನಲ್ಲಿ ಹೆಸರು ಮತ್ತು ಅಳತೆಯ ಗೊಂದಲ ಮತ್ತೊಂದು ರೂಪದಲ್ಲಿ ಬರುತ್ತದೆ. ಬಿಸಿನೀರಿಗೆ ಹಾಕುವ ಕೆನೆಬಣ್ಣದ ಸಿಪಿವಿಸಿ ಪೈಪು ಅರ್ಧ ಇಂಚಿನದಾದರೆ ಅದರ ಹೊರಮೈ 15.9 ಮಿಲಿಮೀಟರ್. ತಣ್ಣೀರಿನ ಬಿಳಿ ಯುಪಿವಿಸಿ ಪೈಪು ಅರ್ಧ ಇಂಚಿನದಾದರೆ 21.3. ಒಂದರ ಎಲ್ಬೋ ಇನ್ನೊಂದಕ್ಕೆ ಕೂರುವುದಿಲ್ಲ. ಹಾಗಾಗಿ ಗಾತ್ರದ ಜೊತೆ ಪೈಪಿನ ಜಾತಿಯನ್ನೂ ಹೇಳಬೇಕು.

ರೈತರಿಗೆ ಇದರ ಬಿಸಿ ತಟ್ಟುವುದು ಬೋರ್‌ವೆಲ್ಲಿನ ಲೈನಿನಲ್ಲಿ. ಹೊಲಗಳಲ್ಲಿ ಎರಡು ಇಂಚಿನ ಪೈಪು ಎಂದು ಕರೆಯುವ ಪಿವಿಸಿ ಪೈಪಿನ ಹೊರಮೈ 63 ಮಿಲಿಮೀಟರ್. ಎರಡೂವರೆ ಇಂಚು ಎಂದರೆ 75, ಮೂರು ಇಂಚು ಎಂದರೆ 90. ಮನೆಯ ಪ್ಲಂಬಿಂಗಿನ ಯುಪಿವಿಸಿಯಲ್ಲಿ ಎರಡು ಇಂಚು ಎಂದರೆ 60.3. ಮೂರು ಮಿಲಿಮೀಟರ್ ಕಡಿಮೆಯಿರುವ ಆ ಎಲ್ಬೋ ಹೊಲದ ಪೈಪಿಗೆ ಹತ್ತುವುದೇ ಇಲ್ಲ. ಸಂಜೆ ಹೊತ್ತಿಗೆ ಪೈಪು ಒಡೆದು, ಹತ್ತಾರು ಕಿಲೋಮೀಟರ್ ದೂರದ ಪೇಟೆಯಿಂದ "ಎರಡು ಇಂಚಿನ ಎಲ್ಬೋ" ತಂದವರಿಗೆ ಆ ರಾತ್ರಿ ನೀರಿಲ್ಲ. ಪೈಪಿನ ಮೇಲೆಯೇ 63 ಎಂದು ಅಚ್ಚಾಗಿರುತ್ತದೆ, ಪಕ್ಕದಲ್ಲಿ ನಾಲ್ಕು ಕೆಜಿ ಅಥವಾ ಆರು ಕೆಜಿ ಎಂಬ ಒತ್ತಡದ ದರ್ಜೆಯೂ ಇರುತ್ತದೆ. ದರ್ಜೆ ಹೆಚ್ಚಿದರೆ ಗೋಡೆ ಒಳಮುಖವಾಗಿ ದಪ್ಪವಾಗುತ್ತದೆಯೇ ಹೊರತು ಹೊರಮೈ ಬದಲಾಗುವುದಿಲ್ಲ. ಆದ್ದರಿಂದ ಎಲ್ಬೋ ಕೂರುತ್ತದೆಯೋ ಇಲ್ಲವೋ ಎಂಬುದನ್ನು 63 ಹೇಳುತ್ತದೆ, ಪಂಪಿನ ಒತ್ತಡಕ್ಕೆ ಅದು ತಡೆಯುತ್ತದೆಯೋ ಇಲ್ಲವೋ ಎಂಬುದನ್ನು ಕೆಜಿ ಹೇಳುತ್ತದೆ. ಎರಡನ್ನೂ ಹೇಳಿ ತರಬೇಕು.

ಈಗೀಗ ಬಹುತೇಕರು ಬಿಡಿಭಾಗದ ಫೋಟೋ ತೆಗೆದು ಪ್ಲಂಬರಿಗೋ ಅಂಗಡಿಗೋ ಕಳಿಸುತ್ತಾರೆ. ಒಳ್ಳೆಯ ಅಭ್ಯಾಸವೇ, ಆದರೆ ಅಂಗೈಯಲ್ಲಿಟ್ಟು ತೆಗೆದ ಫೋಟೋದಲ್ಲಿ ಅರ್ಧ ಇಂಚೂ ಮುಕ್ಕಾಲು ಇಂಚೂ ಒಂದೇ ಥರ ಕಾಣುತ್ತವೆ. ಸ್ಕೇಲನ್ನು ಪಕ್ಕದಲ್ಲಿಟ್ಟರೂ ಸಾಲದು. ನೆಲದ ಮೇಲಿನ ಸ್ಕೇಲಿಗಿಂತ ನಲ್ಲಿಯ ಮೈ ಕ್ಯಾಮೆರಾಗೆ ಹತ್ತಿರವಿರುವುದರಿಂದ ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸ್ಕೇಲಿನ ಕೆಳಗೆ ಪುಸ್ತಕವನ್ನೋ ಬೆಂಕಿಪೊಟ್ಟಣವನ್ನೋ ಇಟ್ಟು ಅದನ್ನು ಥ್ರೆಡ್ಡಿನ ನಡುಮಧ್ಯದ ಎತ್ತರಕ್ಕೆ ತಂದು, ತುಸು ದೂರದಿಂದ ನೇರವಾಗಿ ಮೇಲಿನಿಂದ ತೆಗೆಯಬೇಕು. ಎರಡನೆಯ ಫೋಟೋ ಥ್ರೆಡ್ಡಿನ ಬಾಯಿಯದು, ಒಳಗೆ ವಾಷರ್ ಕೂರುವ ಜಾಗ ಇದೆಯೋ ಇಲ್ಲವೋ ಎಂದು ಅದರಲ್ಲಿ ಕಾಣುತ್ತದೆ. ಮೂರನೆಯದು ಮೈಮೇಲಿನ ಅಚ್ಚಿನದು. ಅಲ್ಲಿ ಇಂಗ್ಲಿಷಿನ ಜಿ ಅಕ್ಷರದ ಮುಂದೆ ಗಾತ್ರವಿದ್ದರೆ ಸಮಾನ ದಪ್ಪದ ಥ್ರೆಡ್, ವಾಷರ್ ಬೇಕು. ಆರ್ ಇದ್ದರೆ ಇಳಿಜಾರಿನದು, ಟೇಪು ಸಾಕು. ಫೋಟೋ ಜೊತೆಗೆ ಅದು ಯಾವುದಕ್ಕೆ ಜೋಡಣೆಯಾಗಿತ್ತು ಎಂಬ ಒಂದು ಸಾಲು ಬರೆದರೆ, ಆ ಕಡೆಯವನಿಗೆ ಮತ್ತೆ ಫೋನ್ ಮಾಡಿ ಕೇಳುವುದು ಏನೂ ಉಳಿಯುವುದಿಲ್ಲ.